ಅಮ್ಮನ ಸೊಂಟ ನೋವು: ನೋವಿನ ಮಾತ್ರೆ ಬಿಟ್ಟು ಆಯುರ್ವೇದಕ್ಕೆ ಹೋಗಬಹುದಾ?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71 ವರ್ಷ. ಎರಡೂವರೆ ವರ್ಷದಿಂದ ಸೊಂಟ ನೋವು. ಶುಗರ್ ಇದೆ, ಬಿಪಿ ಇದೆ. ಎರಡಕ್ಕೂ ಮಾತ್ರೆ ತಗೊಳ್ತಾರೆ. ಮೂಳೆ ಡಾಕ್ಟರು ನೋವಿನ ಮಾತ್ರೆ ಅಸಿಕ್ಲೊಫೆನಾಕ್ ಮತ್ತು ರಾತ್ರಿಗೆ ನರದ ನೋವಿನ ಮಾತ್ರೆ ಪ್ರಿಗ್ಯಾಬಲಿನ್ ಬರೆದಿದ್ದರು. ಹತ್ತು ದಿನಕ್ಕೆ ಅಂತ ಬರೆದದ್ದು. ಬಿಟ್ಟರೆ ನೋವು ಬರುತ್ತೆ ಅಂತ ಅಮ್ಮ ಅದೇ ಚೀಟಿ ತೋರಿಸಿ ತರಿಸಿಕೊಂಡು ಎಂಟು ತಿಂಗಳಿಂದ ನುಂಗುತ್ತಿದ್ದಾರೆ. ನನಗೆ ಗೊತ್ತಾಗಿದ್ದು ಈಗ.

ಕಳೆದ ತಿಂಗಳು ಒಂದು ಆಯುರ್ವೇದ ಚಿಕಿತ್ಸಾಲಯದಲ್ಲಿ 14 ದಿನ ಕಟಿಬಸ್ತಿ, ಅಂದರೆ ಸೊಂಟದ ಮೇಲೆ ಬೆಚ್ಚಗಿನ ತೈಲ ನಿಲ್ಲಿಸೋ ಚಿಕಿತ್ಸೆ, ಮಾಡಿಸಿದೆವು. ಅಮ್ಮನಿಗೆ ಹಾಯ್ ಅನ್ನಿಸಿತು. ನೋವಿನ ಮಾತ್ರೆ ದಿನಕ್ಕೆ ಎರಡರಿಂದ ಒಂದಕ್ಕೆ ಇಳಿಯಿತು. ಮೂರು ವಾರ ಆದ ಮೇಲೆ ಮತ್ತೆ ಮೊದಲಿನ ಹಾಗೇ. ಈಗ ಅವರು ಇನ್ನೊಂದು ಸುತ್ತು ಕಟಿಬಸ್ತಿ ಜೊತೆಗೆ ಮೂರು ತಿಂಗಳ ಗುಳಿಗೆ ಕೊಡುತ್ತೇವೆ, ಇಂಗ್ಲಿಷ್ ಮಾತ್ರೆ ಎಲ್ಲ ಬಿಟ್ಟುಬಿಡಿ ಅಂತ ಹೇಳುತ್ತಿದ್ದಾರೆ. ಮೂಳೆ ಡಾಕ್ಟರನ್ನು ಕೇಳಿದರೆ ಎಣ್ಣೆ ಹಚ್ಚೋದೆಲ್ಲ ಸುಮ್ನೆ ಅಂತಾರೆ.

ಯಾರ ಮಾತು ಕೇಳಬೇಕು? ಮನೆಯಲ್ಲಿ ಇಂಥ ಅನುಭವ ಆದವರು ದಯವಿಟ್ಟು ಹೇಳಿ.

ಕನಕಾಂಬರ

ನನಗೂ ಹೀಗೇ ಆಗಿತ್ತು ಅಕ್ಕ. ಭಾರ ಎತ್ತುವಾಗ ಸೊಂಟ ಹಿಡಿದುಕೊಂಡು ಮೂರು ದಿನ ಏಳೋಕೇ ಆಗಲಿಲ್ಲ. ಬಿಸಿ ನೀರಿನ ಶಾಖ ಕೊಟ್ಟು, ನಾಲ್ಕು ದಿನ ಮಾತ್ರೆ ತಗೊಂಡೆ, ಹೋಯ್ತು. ನನಗೆ 34. ಅಮ್ಮನಿಗೂ ಒಂದು ವಾರ ಪೂರ್ತಿ ರೆಸ್ಟ್ ಕೊಡಿಸಿ, ತಾನಾಗೇ ಹೋಗುತ್ತೆ.

ಗಣಿತಪ್ರಿಯ

ಕನಕಾಂಬರ ಅವರೇ, ನಿಮ್ಮದು ಹೊಸ ನೋವು. ಅದು ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನೇ ಕಡಿಮೆ ಆಗುತ್ತೆ. ಇವರ ಅಮ್ಮನದು ಎರಡೂವರೆ ವರ್ಷದ್ದು. ಅಲ್ಲಿ ಮಲಗಿದರೆ ಕಾಲಿನ ಶಕ್ತಿ ಹೋಗುತ್ತೆ, ನೋವು ಉಳಿಯುತ್ತೆ. 71ರಲ್ಲಿ ಒಂದು ವಾರ ಹಾಸಿಗೆ ಹಿಡಿದರೆ ಕಳೆದುಕೊಂಡ ಬಲ ವಾಪಸ್ ಬರೋಕೆ ಅದಕ್ಕಿಂತ ಬಹಳ ಜಾಸ್ತಿ ದಿನ ಬೇಕು.

ಬೆಳ್ಳಿಚುಕ್ಕಿ

ಆಯುರ್ವೇದಕ್ಕೇ ಹೋಗಿ. ನೋವಿನ ಮಾತ್ರೆ ಕಿಡ್ನಿ ತಿನ್ನುತ್ತೆ. ಆಯುರ್ವೇದದಲ್ಲಿ ಸೈಡ್ ಎಫೆಕ್ಟ್ ಇಲ್ಲ, ನಿಧಾನ ಆದರೂ ಬೇರಿನಿಂದ ವಾಸಿ ಮಾಡುತ್ತೆ. ಸೊಂಟಕ್ಕೆ ಒಂದು ಬೆಲ್ಟ್ ಹಾಕಿಸಿ. ಎಂಆರ್‌ಐ ಮಾಡಿಸಿ ಡಿಸ್ಕ್ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಟ್ರ್ಯಾಕ್ಷನ್ ಕೊಟ್ಟರೆ ಒಳಗೆ ಹೋಗುತ್ತೆ.

ಔಷಧಿಪೆಟ್ಟಿಗೆ

ನಾನು ಮೂವತ್ತು ವರ್ಷ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೊಂಗೆನೆರಳು ಅವರೇ, ಯಾವ ಪದ್ಧತಿ ಅನ್ನೋದನ್ನ ಎರಡು ದಿನ ಪಕ್ಕಕ್ಕಿಡಿ. ಮೊದಲು ಮೂರು ವಿಷಯ ಹೇಳಿ. ಬಿಪಿ ಮಾತ್ರೆಯ ಪಟ್ಟಿಯ ಮೇಲೆ ಏನಿದೆ? ಕಿಡ್ನಿ ಮಂದವಾದರೆ ರಕ್ತದಲ್ಲಿ ಏರೋ ಕ್ರಿಯಾಟಿನಿನ್ ಅನ್ನು ಕೊನೆಯ ಸಲ ನೋಡಿಸಿದ್ದು ಯಾವಾಗ? ಅಮ್ಮನಿಗೆ ತಲೆಸುತ್ತು, ಕಾಲು ಊತ ಇದೆಯಾ?

ಹೊಂಗೆನೆರಳು

ಬಿಪಿ ಮಾತ್ರೆ ಒಂದರಲ್ಲೇ ಎರಡು ಔಷಧಿ: ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್. ಕ್ರಿಯಾಟಿನಿನ್ ಒಂದು ವರ್ಷದ ಹಿಂದೆ 0.9 ಇತ್ತು. ಆಮೇಲೆ ನೋಡಿಸಿಲ್ಲ. ತಲೆಸುತ್ತು ಇದೆ ಸರ್. ಹೋದ ವಾರ ಬಚ್ಚಲಲ್ಲಿ ಬೀಳೋದರಲ್ಲಿದ್ದರು, ಗೋಡೆ ಹಿಡಿದುಕೊಂಡರು. ಪಾದ ಊದಿಕೊಂಡಿದೆ. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೆವು.

ಔಷಧಿಪೆಟ್ಟಿಗೆ

ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಹಿಮೋಗ್ಲೋಬಿನ್. ಅವಸರ ಯಾಕೆ ಅಂತ ಹೇಳುತ್ತೇನೆ.

ಕಿಡ್ನಿ ರಕ್ತವನ್ನು ಸೋಸೋಕೆ ಒತ್ತಡ ಬೇಕು. ರಕ್ತ ಒಳಗೆ ಬರೋ ನಾಳವನ್ನು ತೆರೆದಿಡೋ ಒಂದು ವಸ್ತು ದೇಹದಲ್ಲೇ ತಯಾರಾಗುತ್ತೆ. ಅಸಿಕ್ಲೊಫೆನಾಕ್ ಜಾತಿಯ ನೋವಿನ ಮಾತ್ರೆಗಳು ಆ ವಸ್ತುವನ್ನೇ ತಡೆಯುತ್ತವೆ. ಆಗ ಒಳಗೆ ಬರೋ ನಾಳ ಕಿರಿದಾಗುತ್ತೆ. ಟೆಲ್ಮಿಸಾರ್ಟನ್ ಹೊರಗೆ ಹೋಗೋ ನಾಳವನ್ನು ಸಡಿಲ ಮಾಡುತ್ತೆ. ಮೂರನೆಯದು, ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು ಇಳಿಸುತ್ತೆ. ಒಳಗೆ ಬರೋದು ಕಡಿಮೆ, ಹೊರಗೆ ಹೋಗೋದು ಸಲೀಸು, ಒಟ್ಟು ನೀರೂ ಕಡಿಮೆ. ಸೋಸೋ ಒತ್ತಡ ಬಿದ್ದುಹೋಗುತ್ತೆ. ಬಿಪಿ ಮಾತ್ರೆ ಕೆಟ್ಟದ್ದಲ್ಲ, ಅದು ಅಮ್ಮನಿಗೆ ಬೇಕು. ಜೊತೆಗೆ ದಿನಾ ನೋವಿನ ಮಾತ್ರೆ ಸೇರಿದ್ದೇ ತಪ್ಪು.

ಇನ್ನೊಂದು ಇದೆ. ಪ್ರಿಗ್ಯಾಬಲಿನ್ ದೇಹದಿಂದ ಹೊರಗೆ ಹೋಗೋದು ಕಿಡ್ನಿ ಮೂಲಕವೇ. ಕಿಡ್ನಿ ಮಂದವಾದರೆ ಅದೇ ಡೋಸ್ ಒಳಗೆ ಕೂಡಿಕೊಳ್ಳುತ್ತಾ ಹೋಗುತ್ತೆ. ತಲೆಸುತ್ತು, ತೂಕಡಿಕೆ, ಪಾದ ಊತ ಎಲ್ಲ ಅದರಿಂದ ಆಗಬಹುದು. ಅಮ್ಮನದು ವಯಸ್ಸಿನ ತಲೆಸುತ್ತು ಅಂತ ನನಗೆ ಅನ್ನಿಸೋದಿಲ್ಲ. ಆದರೆ ಪ್ರಿಗ್ಯಾಬಲಿನ್ ಅನ್ನು ತಟ್ಟನೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ ಮೆಲ್ಲಗೆ ಇಳಿಸಬೇಕು.

ಬೆಳ್ಳಿಚುಕ್ಕಿ ಅವರು ಕಿಡ್ನಿ ಬಗ್ಗೆ ಹೇಳಿದ್ದು ಈ ಮನೆಗೆ ಸರಿಯಾಗೇ ಅನ್ವಯಿಸುತ್ತೆ. ಇನ್ನೊಂದು ಕಡೆ ಸೈಡ್ ಎಫೆಕ್ಟ್ ಇಲ್ಲ ಅಂದದ್ದನ್ನ ನಾನು ಒಪ್ಪೋದಿಲ್ಲ. ಆ ಗುಳಿಗೆಯ ಹೆಸರು ಏನು ಅಂತ ಬರೆಯಿರಿ.

ಗಣಿತಪ್ರಿಯ

ಡಿಸ್ಕ್ ಬಗ್ಗೆ ಒಂದು ಮಾತು. ನೋವೇ ಇಲ್ಲದ ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಬಂತು. 80 ವರ್ಷದವರಲ್ಲಿ ನೂರಕ್ಕೆ 84 ಜನರಿಗೆ ಡಿಸ್ಕ್ ಉಬ್ಬಿತ್ತು. ಅವರಲ್ಲಿ ಯಾರಿಗೂ ನೋವಿರಲಿಲ್ಲ. ಅಮ್ಮನ ವಯಸ್ಸಿನಲ್ಲಿ ಎಂಆರ್‌ಐ ಮಾಡಿದರೆ ಏನಾದರೂ ಸಿಕ್ಕೇ ಸಿಗುತ್ತೆ. ಸಿಕ್ಕಿದ್ದೇ ನೋವಿಗೆ ಕಾರಣ ಅಂತ ಹೇಳೋಕೆ ಬರೋದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟ ನೋವಿಗೆ ಅಂತಲೇ ಮಾರ್ಗಸೂಚಿ ತಂದಿತು. ವಯಸ್ಸಾದವರನ್ನೂ ಸೇರಿಸಿ. ಬೆಲ್ಟ್ ಮತ್ತು ಟ್ರ್ಯಾಕ್ಷನ್ ರೂಢಿಯಾಗಿ ಕೊಡಬೇಡಿ ಅಂತ ಅದರಲ್ಲಿ ಹೇಳಿದ್ದಾರೆ.

ಬೆನ್ನೆಲುಬು

ನಾನು ಫಿಸಿಯೋಥೆರಪಿಸ್ಟ್. ಇಷ್ಟು ಚರ್ಚೆ ಆಯ್ತು, ಅಮ್ಮನಿಗೆ ನೋವು ಎಲ್ಲಿ, ಯಾವಾಗ ಬರುತ್ತೆ ಅಂತ ಯಾರೂ ಕೇಳಲಿಲ್ಲ. ನಡೆದರೆ ಜಾಸ್ತಿಯಾ, ಕೂತರೆ ಜಾಸ್ತಿಯಾ? ಕಾಲಿಗೆ ಇಳಿಯುತ್ತಾ? ಬಗ್ಗಿದರೆ ಹೇಗೆ? ಎತ್ತರ ಕಡಿಮೆ ಆದ ಹಾಗಿದೆಯಾ? ತೂಕ ಇಳಿದಿದೆಯಾ, ಜ್ವರ ಬರುತ್ತಾ, ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಮೂತ್ರ ಹಿಡಿತ ತಪ್ಪಿದೆಯಾ, ಕೂರುವ ಜಾಗ ಮರಗಟ್ಟಿದೆಯಾ? ಕೊನೆಯ ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಇಲ್ಲಿ ಉತ್ತರ ಬರೆಯೋಕೆ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಹೊಂಗೆನೆರಳು

ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಮೂತ್ರದ ತೊಂದರೆ, ಮರಗಟ್ಟೋದು, ಜ್ವರ, ತೂಕ ಇಳಿಯೋದು ಯಾವುದೂ ಇಲ್ಲ. ಕೂತರೆ ಆರಾಮ. ನಡೆಯೋಕೆ ಶುರು ಮಾಡಿ ನಾಲ್ಕು ನಿಮಿಷಕ್ಕೆ ಸೊಂಟದಿಂದ ಎರಡೂ ತೊಡೆಗೆ ಜೋಮು ಇಳಿಯುತ್ತೆ, ಕಾಲು ಭಾರ ಆಗುತ್ತೆ. ಎಲ್ಲಾದರೂ ಕೂತರೆ ಎರಡು ನಿಮಿಷದಲ್ಲಿ ಹೋಗುತ್ತೆ. ಕೈಗಾಡಿ ತಳ್ಳಿಕೊಂಡು ಬಗ್ಗಿ ನಡೆದರೆ ಎಷ್ಟು ದೂರ ಬೇಕಾದರೂ ಹೋಗುತ್ತೇನೆ ಅಂತಾರೆ. ಇದನ್ನ ನನಗೆ ಯಾವತ್ತೂ ಹೇಳಿರಲಿಲ್ಲ.

ಇನ್ನೊಂದು ಮಾತು ಹೇಳಿದರು. ಕಟಿಬಸ್ತಿಗೆ ಬೋರಲು ಮಲಗಿದಾಗ ಕೊನೆಯ ಹತ್ತು ನಿಮಿಷ ಕಾಲಿಗೆ ಜೋಮು ಬರುತ್ತಿತ್ತಂತೆ. ಅಲ್ಲಿಯವರು ನರ ಬಿಡುತ್ತಿದೆ, ಒಳ್ಳೇದು ಅಂದರಂತೆ.

ಗುಳಿಗೆ ಮಹಾಯೋಗರಾಜ ಗುಗ್ಗುಳು. ದಿನಕ್ಕೆ ನಾಲ್ಕು. ಜೊತೆಗೆ ಒಂದು ಅರಿಷ್ಟ.

ಬೆನ್ನೆಲುಬು

ನಿಮ್ಮ ಅಮ್ಮ ಬಹಳ ಚೆನ್ನಾಗಿ ವಿವರಿಸಿದ್ದಾರೆ. ನಡೆದರೆ ಕಾಲಿಗೆ ಜೋಮು, ಕೂತರೆ ಅಥವಾ ಬಗ್ಗಿದರೆ ಮಾಯ. ಬೆನ್ನಿನೊಳಗೆ ನರಗಳು ಹಾದುಹೋಗುವ ಕೊಳವೆ ಕಿರಿದಾಗಿರೋ ಲಕ್ಷಣ ಇದು. ಡಾಕ್ಟರು ಸ್ಟೆನೋಸಿಸ್ ಅಂತಾರೆ. ಬೆನ್ನು ಹಿಂದಕ್ಕೆ ಬಾಗಿದಾಗ ಆ ಜಾಗ ಇನ್ನೂ ಕಿರಿದಾಗುತ್ತೆ, ಮುಂದಕ್ಕೆ ಬಾಗಿದಾಗ ಅಗಲ ಆಗುತ್ತೆ. ಕಾಲಿನ ರಕ್ತನಾಳ ಕಟ್ಟಿದ್ದರೂ ನಡೆದಾಗ ನೋವು ಬರುತ್ತೆ, ಆದರೆ ಅಲ್ಲಿ ನಿಂತರೂ ಸಾಕು, ಬಗ್ಗಬೇಕಾಗಿಲ್ಲ. ಶುಗರ್ ಇರೋದರಿಂದ ಪಾದದ ನಾಡಿಯನ್ನೂ ಒಮ್ಮೆ ಡಾಕ್ಟರು ಮುಟ್ಟಿ ನೋಡಲಿ.

ಬೋರಲು ಮಲಗಿದಾಗ ಜೋಮು ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ವಾ? ಹಾಗೆ ಮಲಗಿದರೆ ಸೊಂಟ ಹಿಂದಕ್ಕೆ ಬಾಗುತ್ತೆ. ನರದ ಮೇಲೆ ಒತ್ತಡ ಬೀಳುತ್ತೆ. ನರ ಬಿಡುತ್ತಿದೆ ಅಂದದ್ದು ತಪ್ಪು. ಹೊಟ್ಟೆ ಕೆಳಗೆ ಒಂದು ದಪ್ಪ ದಿಂಬು ಇಟ್ಟಿದ್ದರೆ ಅದು ಬರುತ್ತಲೇ ಇರಲಿಲ್ಲ.

ನಾಡಿಮಿಡಿತ

ನಾನು ಆಯುರ್ವೇದ ವೈದ್ಯ, ಇಪ್ಪತ್ತೆರಡು ವರ್ಷದ ಅನುಭವ. ದಿಂಬಿನ ಮಾತು ಪೂರ್ತಿ ಒಪ್ಪುತ್ತೇನೆ. ನಾವೂ ಇಡುತ್ತೇವೆ. ಇಡದವರನ್ನು ನೋಡಿದರೆ ಬೇಜಾರಾಗುತ್ತೆ.

ಕಟಿಬಸ್ತಿ ಗೊತ್ತಿಲ್ಲದವರಿಗೆ: ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ಎರಡು ಬೆರಳೆತ್ತರದ ಕಟ್ಟೆ ಕಟ್ಟುತ್ತೇವೆ. ಒಳಗೆ ಬೆಚ್ಚಗಿನ ತೈಲ ತುಂಬುತ್ತೇವೆ. ಆರಿದ ಹಾಗೆ ಹತ್ತಿಯಲ್ಲಿ ತೆಗೆದು ಮತ್ತೆ ಬೆಚ್ಚಗಿನದು ಹಾಕುತ್ತೇವೆ. ಅರ್ಧದಿಂದ ಮುಕ್ಕಾಲು ಗಂಟೆ. ಏಳರಿಂದ 14 ದಿನ. ಶುಗರ್ ಇರೋರಲ್ಲಿ ಚರ್ಮಕ್ಕೆ ಬಿಸಿ ಗೊತ್ತಾಗದೇ ಇರಬಹುದು. ಸುಟ್ಟು ಬೊಬ್ಬೆ ಬಂದದ್ದನ್ನ ನೋಡಿದ್ದೇನೆ. ವೈದ್ಯ ತನ್ನ ಕೈಯಲ್ಲಿ ಮುಟ್ಟಿ ನೋಡಿಯೇ ಹಾಕಬೇಕು, "ಬಿಸಿ ಆಯ್ತಾ" ಅಂತ ರೋಗಿಯನ್ನು ಕೇಳಿದರೆ ಸಾಲದು. ಮುಗಿದ ಮೇಲೆ ತಟ್ಟನೆ ಎದ್ದರೆ ಬಿಪಿ ಮಾತ್ರೆ ತಗೊಳ್ಳೋರಿಗೆ ಕಣ್ಣು ಕತ್ತಲೆ ಬರುತ್ತೆ. ಹತ್ತು ನಿಮಿಷ ಮಗ್ಗುಲಾಗಿ ಮಲಗಿಸಿ, ಕೂರಿಸಿ, ಆಮೇಲೆ ಎಬ್ಬಿಸಬೇಕು.

ಗುಳಿಗೆ ವಿಷಯ ಮುಖ್ಯ. ಯೋಗರಾಜ ಗುಗ್ಗುಳು ಬೇರೆ, ಮಹಾಯೋಗರಾಜ ಗುಗ್ಗುಳು ಬೇರೆ. ಹೆಸರು ಹತ್ತಿರ ಇದೆ ಅಂತ ಜನ ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು ಗಿಡಮೂಲಿಕೆ ಮಾತ್ರ. ಎರಡನೆಯದಕ್ಕೆ ಭಸ್ಮಗಳು ಸೇರುತ್ತವೆ. ಅದರಲ್ಲಿ ನಾಗಭಸ್ಮ ಅಂದರೆ ಸೀಸದ್ದು, ರಸಸಿಂದೂರ ಅಂದರೆ ಪಾದರಸದ್ದು. ಸರಿಯಾಗಿ ಶೋಧಿಸಿ ಮಾಡಿದ ಭಸ್ಮ ವಿಷವಲ್ಲ ಅಂತ ನಮಗೆ ಕಲಿಸಿದ್ದಾರೆ. ನಾನು ಅದನ್ನು ಇಲ್ಲಿ ವಾದ ಮಾಡೋದಿಲ್ಲ. ಆದರೆ 71 ವರ್ಷದ, ಶುಗರ್ ಇರೋ, ಕಿಡ್ನಿ ಪರೀಕ್ಷೆ ಮಾಡಿಸದ ಹೆಂಗಸಿಗೆ ಮೂರು ತಿಂಗಳು ಅದನ್ನು ನಾನು ಕೊಡೋದಿಲ್ಲ. ಅರಿಷ್ಟದಲ್ಲಿ ಬೆಲ್ಲ ಇರುತ್ತೆ, ಹುದುಗಿದ್ದರಿಂದ ಸ್ವಲ್ಪ ಆಲ್ಕೋಹಾಲ್ ಕೂಡ ಇರುತ್ತೆ. ಶುಗರ್‌ಗೆ ಅದೂ ಬೇಡ.

ಗಣಿತಪ್ರಿಯ

ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ವೈದ್ಯರೇ. ಭಸ್ಮ ಸೇರಿಸದ ಔಷಧಿಯಲ್ಲೂ ಎಚ್ಚರ ಬೇಕು. ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ತರಿಸಿ ಪರೀಕ್ಷೆ ಮಾಡಿದ ಅಧ್ಯಯನ 2008ರಲ್ಲಿ ಬಂತು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಸ್ಮ ಸೇರುವ ಬಗೆಯಲ್ಲಿ ಜಾಸ್ತಿ, ಬರೀ ಗಿಡಮೂಲಿಕೆಯಲ್ಲೂ ಇತ್ತು.

ತೈಲದ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ಹಳೆಯ ಸೊಂಟ ನೋವಿನ 64 ಜನರ ಮೇಲೆ ಒಂದು ಪ್ರಯೋಗ ಆಯ್ತು, 2017ರಲ್ಲಿ ಪ್ರಕಟವಾಯ್ತು. ಅರ್ಧ ಜನಕ್ಕೆ ಸಹಚರಾದಿ ತೈಲದ ಅಭ್ಯಂಗ. ಉಳಿದವರಿಗೆ ಶಾಖ ಮತ್ತು ಸಾಮಾನ್ಯ ಮಸಾಜ್. ಎರಡೂ ಗುಂಪಿನಲ್ಲಿ ನೋವು ಇಳಿಯಿತು. ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದನ್ನು ಓದಿದಾಗ ನನಗೆ ಅನ್ನಿಸಿದ್ದು: ಬಿಸಿ ಮತ್ತು ಕೈಯ ಸ್ಪರ್ಶ ಕೆಲಸ ಮಾಡುತ್ತೆ. ತೈಲದೊಳಗಿನ ಮೂಲಿಕೆ ಎಷ್ಟು ಮಾಡುತ್ತೆ ಅನ್ನೋದು ಅಲ್ಲಿ ಕಾಣಲಿಲ್ಲ.

ನಾಡಿಮಿಡಿತ

64 ಜನ ಬಹಳ ಕಡಿಮೆ. ಮತ್ತೆ ಎಲ್ಲರಿಗೂ ಒಂದೇ ತೈಲ ಕೊಟ್ಟರೆ ಅದು ನಮ್ಮ ಚಿಕಿತ್ಸೆ ಆಗೋದಿಲ್ಲ. ನಾವು ಆಳು ನೋಡಿ ತೈಲ ಬದಲಾಯಿಸುತ್ತೇವೆ, ಆಹಾರ ಬದಲಾಯಿಸುತ್ತೇವೆ, ಕೆಲವರಿಗೆ ಗುದದ ಮೂಲಕ ಔಷಧಿ ಏರಿಸುವ ಒಳ ಬಸ್ತಿ ಕೊಡುತ್ತೇವೆ. ಬರ್ಲಿನ್‌ನಲ್ಲಿ ಮಂಡಿ ಸವೆತದ 151 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಪೂರ್ತಿ ಆಯುರ್ವೇದ ಚಿಕಿತ್ಸೆ ಕೊಟ್ಟಿದ್ದರು. 12 ವಾರಕ್ಕೆ ಅಲ್ಲಿ ಆಯುರ್ವೇದದ ಗುಂಪು ಮುಂದಿತ್ತು.

ಗಣಿತಪ್ರಿಯ

ಮುಂದಿತ್ತು, ನಿಜ. ಆದರೆ ತನಗೆ ಯಾವ ಚಿಕಿತ್ಸೆ ಸಿಗುತ್ತಿದೆ ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ನೋವಿನಂಥ ವಿಷಯದಲ್ಲಿ ಅದು ದೊಡ್ಡ ವ್ಯತ್ಯಾಸ ಮಾಡುತ್ತೆ. ಮತ್ತೆ ಅದು ಮಂಡಿ, ಇದು ಬೆನ್ನು. ಆಳು ನೋಡಿ ಕೊಡೋ ಚಿಕಿತ್ಸೆಯನ್ನೂ ಪರೀಕ್ಷೆ ಮಾಡಬಹುದು ಅಂತ ಆ ಬರ್ಲಿನ್ ಪ್ರಯೋಗವೇ ತೋರಿಸಿದೆ ಅಲ್ವಾ? ಬೆನ್ನಿಗೂ ಹಾಗೇ ಮಾಡಲಿ ಅಂತ ನನ್ನ ಆಸೆ.

ಇಂಗ್ಲಿಷ್ ಔಷಧಿಯ ಪುರಾವೆಯೂ ಹಳೆಯ ಸೊಂಟ ನೋವಿಗೆ ಏನೂ ಬಲವಾಗಿಲ್ಲ. ನೋವಿನ ಮಾತ್ರೆಯಿಂದ ಸಿಗೋ ಲಾಭ ಸಣ್ಣದು. ಪ್ರಿಗ್ಯಾಬಲಿನ್ ಅನ್ನು ಸೊಂಟದಿಂದ ಕಾಲಿಗೆ ಇಳಿಯೋ ನೋವಿಗೆ ಕೊಟ್ಟು ನೋಡಿದ ಪ್ರಯೋಗ 2017ರಲ್ಲಿ ಬಂತು. ಖಾಲಿ ಗುಳಿಗೆಗಿಂತ ಅದು ಉತ್ತಮ ಅಂತ ಕಾಣಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ ಇತ್ತು.

ಹಳೇಮೇಷ್ಟ್ರು

ನನಗೆ 74. ಇಷ್ಟೆಲ್ಲ ಓದಿ ನನಗೆ ಆಶ್ಚರ್ಯ ಆಯ್ತು. ನಾನು ಆರು ತಿಂಗಳಿಂದ ಒಬ್ಬರ ಹತ್ತಿರ ಪುಡಿ ತರುತ್ತಿದ್ದೇನೆ. ಪೊಟ್ಟಣದ ಮೇಲೆ ಹೆಸರಿಲ್ಲ, ಅವರೇ ಕುಟ್ಟಿ ಕೊಡೋದು. ಎರಡನೇ ದಿನಕ್ಕೇ ಸೊಂಟ ಹಗುರ ಆಯ್ತು. ಹಸಿವು ಚೆನ್ನಾಗಿದೆ, ಮುಖ ತುಂಬಿಕೊಂಡಿದೆ ಅಂತ ಎಲ್ಲರೂ ಹೇಳುತ್ತಾರೆ. ಶುಗರ್ ಮಾತ್ರ ಇತ್ತೀಚೆಗೆ ಹೊಸದಾಗಿ ಬಂದಿದೆ, ಅದು ವಯಸ್ಸಿಗೆ. ಬೇಕಾದರೆ ತಾಯಿಗೆ ಅವರ ಹತ್ತಿರ ಕೊಡಿಸಿ.

ಔಷಧಿಪೆಟ್ಟಿಗೆ

ಮೇಷ್ಟ್ರೇ, ನಿಮ್ಮ ಮಾತು ಓದಿ ನನಗೆ ಭಯ ಆಯ್ತು. ದಯವಿಟ್ಟು ಪೂರ್ತಿ ಓದಿ.

ವರ್ಷಗಟ್ಟಲೆಯ ಸೊಂಟ ನೋವನ್ನು ಯಾವ ಬೇರೂ ಎರಡು ದಿನದಲ್ಲಿ ಇಳಿಸಿದ್ದನ್ನ ನಾನು ನೋಡಿಲ್ಲ. ಎರಡು ದಿನದಲ್ಲಿ ಹಗುರ, ಹಸಿವು ಜಾಸ್ತಿ, ಮುಖ ತುಂಬಿಕೊಳ್ಳೋದು, ಹೊಸ ಶುಗರ್. ಇವೆಲ್ಲ ಒಟ್ಟಿಗೆ ಬಂದರೆ ಪುಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಕುಟ್ಟಿ ಸೇರಿಸಿರಬಹುದು ಅನ್ನೋ ಅನುಮಾನ ಮೊದಲು ಬರಬೇಕು. ಕೈ ಮೇಲೆ ಸಣ್ಣ ಏಟಿಗೂ ನೀಲಿ ಕಲೆ ಬೀಳುತ್ತಾ ನೋಡಿಕೊಳ್ಳಿ. ಸ್ಟೀರಾಯ್ಡ್ ತಿಂಗಳುಗಟ್ಟಲೆ ಹೋದರೆ ಮೂಳೆ ಟೊಳ್ಳಾಗುತ್ತೆ. ಸೊಂಟಕ್ಕೆ ಅಂತ ತಗೊಂಡದ್ದು ಬೆನ್ನಿನ ಮೂಳೆಯನ್ನೇ ಕುಸಿಯುವ ಹಾಗೆ ಮಾಡುತ್ತೆ.

ಆದರೆ ಇವತ್ತೇ ಪುಡಿ ಬಿಸಾಕಬೇಡಿ. ಇದು ಬಹಳ ಮುಖ್ಯ. ಹೊರಗಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹ ತನ್ನದನ್ನು ತಯಾರಿಸೋದು ನಿಲ್ಲಿಸಿರುತ್ತೆ. ತಟ್ಟನೆ ಬಿಟ್ಟರೆ ವಾಂತಿ, ಸುಸ್ತು, ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ನಾಳೆಯೇ ಫಿಸಿಶಿಯನ್ ಹತ್ತಿರ ಹೋಗಿ. ಪೊಟ್ಟಣ ಕೈಯಲ್ಲೇ ಇರಲಿ. ದೇಹ ತಾನೇ ತಯಾರಿಸೋ ಸ್ಟೀರಾಯ್ಡ್ ಅಂದರೆ ಕಾರ್ಟಿಸಾಲ್, ಬೆಳಗ್ಗೆ ಎಂಟರ ಸುಮಾರಿಗೆ ಮಾಡುವ ಅದರ ರಕ್ತ ಪರೀಕ್ಷೆ ಬಗ್ಗೆ ಕೇಳಿ.

ನಾಡಿಮಿಡಿತ

ಮೇಷ್ಟ್ರೇ, ನಾನೂ ಕೈ ಮುಗಿದು ಹೇಳುತ್ತೇನೆ, ಹೋಗಿ. ಹೆಸರಿಲ್ಲದ ಪೊಟ್ಟಣ ಆಯುರ್ವೇದ ಅಲ್ಲ.

ಬೆಳ್ಳಿಚುಕ್ಕಿ

ನನ್ನ ಅತ್ತೆಗೂ ಇಂಥದ್ದೇ ಪುಡಿ ತರಿಸಿದ್ದೆ. ಓದಿ ಕೈ ನಡುಗಿತು. ಅವರು ಒಂದೇ ವಾರ ತಗೊಂಡು ಬಿಟ್ಟಿದ್ದರು. ಸದ್ಯ ಚೆನ್ನಾಗಿದ್ದಾರೆ.

ಹೊಂಗೆನೆರಳು

ಐದು ದಿನದ ನಂತರ ಬರೆಯುತ್ತಿದ್ದೇನೆ. ಅಮ್ಮನ ಕ್ರಿಯಾಟಿನಿನ್ 1.6 ಬಂತು. ಡಾಕ್ಟರು ಅಸಿಕ್ಲೊಫೆನಾಕ್ ಅವತ್ತೇ ನಿಲ್ಲಿಸಿದರು. ಪ್ರಿಗ್ಯಾಬಲಿನ್ ಅರ್ಧ ಮಾಡಿದರು, ನಂತರ ಮೆಲ್ಲಗೆ ಬಿಡಿಸುತ್ತಾರಂತೆ. ಬಿಪಿ ಮತ್ತು ಶುಗರ್ ಮಾತ್ರೆಗಳ ಡೋಸ್ ಕೂಡ ಮತ್ತೆ ನೋಡಿದರು. ನೋವು ತೀರಾ ಇದ್ದ ದಿನ ಪ್ಯಾರಾಸಿಟಮಾಲ್ ಅಂದರು. ಅದು ಅಮ್ಮನಿಗೆ ಏನೂ ಅನ್ನಿಸುತ್ತಿಲ್ಲ.

ಮಹಾಯೋಗರಾಜ ಗುಗ್ಗುಳು ಶುರು ಮಾಡಲಿಲ್ಲ. ಆದರೆ ಅಮ್ಮ ಒಂದೇ ಪ್ರಶ್ನೆ ಕೇಳುತ್ತಾರೆ: "ಅದೂ ಬೇಡ, ಇದೂ ಬೇಡ ಅಂದರೆ ನನ್ನ ನೋವಿಗೆ ಏನು?" ನನ್ನ ಹತ್ತಿರ ಉತ್ತರ ಇಲ್ಲ.

ಬೆನ್ನೆಲುಬು

ಆ ಪ್ರಶ್ನೆಗೆ ನನಗೆ ಗೊತ್ತಿರೋದು ಹೇಳುತ್ತೇನೆ. ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ, ಜೊತೆಗೆ ಬೆನ್ನಿನ ಒಂದು ಎಕ್ಸ್‌ರೇ. ಮೂಳೆ ಟೊಳ್ಳಾಗಿದ್ದರೆ ಮುಂದಕ್ಕೆ ಬಗ್ಗಿಸುವ ವ್ಯಾಯಾಮವೂ ಬೇಡ, ಬೆನ್ನು ಒತ್ತುವ ಮಸಾಜೂ ಬೇಡ. ಅದು ಸರಿ ಇದ್ದರೆ ಹೀಗೆ ಮಾಡಿ.

ಅಮ್ಮನಿಗೆ ನಾಲ್ಕು ನಿಮಿಷಕ್ಕೆ ಜೋಮು ಬರುತ್ತೆ. ಆದ್ದರಿಂದ ಮೂರು ನಿಮಿಷಕ್ಕೇ ಕೂರಿಸಿ. ಜೋಮು ಬರೋವರೆಗೆ ಕಾಯಬೇಡಿ. ಎರಡು ನಿಮಿಷ ಕೂತು ಮತ್ತೆ ಮೂರು ನಿಮಿಷ. ದಿನಕ್ಕೆ ಎರಡು ಹೊತ್ತು, ಪ್ರತಿ ಹೊತ್ತಿಗೆ ನಾಲ್ಕು ಸುತ್ತು. ಮೂರು ದಿನ ಸಲೀಸಾಗಿ ಆದರೆ ಅರ್ಧ ನಿಮಿಷ ಏರಿಸಿ. ಮನೆಗೆ ಬಂದು ಬೆನ್ನ ಮೇಲೆ ಮಲಗಿ, ಒಂದೊಂದೇ ಮೊಣಕಾಲನ್ನು ಎದೆ ಕಡೆಗೆ ಎಳೆದು ಹತ್ತು ಎಣಿಸೋದು. ಕೈ ಊರದೆ ಕುರ್ಚಿಯಿಂದ ಏಳೋದು, ಮೊದಲು ಐದು ಸಲ. ಬೆನ್ನು ಹಿಂದಕ್ಕೆ ಬಾಗಿಸುವ ಯಾವ ಆಸನವೂ ಸದ್ಯ ಬೇಡ.

2021ರಲ್ಲಿ 249 ಪ್ರಯೋಗಗಳನ್ನು ಸೇರಿಸಿ ನೋಡಿದ ವಿಮರ್ಶೆಯಲ್ಲಿ ವ್ಯಾಯಾಮದಿಂದ ಹಳೆಯ ಸೊಂಟ ನೋವು ನೂರರ ಅಳತೆಯಲ್ಲಿ ಸರಾಸರಿ 15 ಅಂಶ ಇಳಿದಿತ್ತು. ಪೂರ್ತಿ ಹೋಗೋದಿಲ್ಲ. ಆದರೆ ಕಿಡ್ನಿಗೆ ಏನೂ ಆಗೋದಿಲ್ಲ.

ಕಟಿಬಸ್ತಿ ನಿಲ್ಲಿಸಬೇಕು ಅಂತ ನಾನು ಹೇಳೋದಿಲ್ಲ. ಮೈ ಹಗುರ ಇರೋ ಆ ಮೂರು ವಾರ ಅಮ್ಮ ಏನು ಮಾಡಿದರು? ಆರಾಮಾಗಿ ಕೂತರು ಅಂತ ಕಾಣುತ್ತೆ. ಆ ವಾರಗಳಲ್ಲಿ ನಡೆಸಬೇಕಿತ್ತು.

ಗಣಿತಪ್ರಿಯ

ಒಂದು ಸಲಹೆ. ನೋಟ್‌ಬುಕ್ ಇಡಿ. ದಿನಾ ರಾತ್ರಿ ಎರಡೇ ಸಂಖ್ಯೆ. ನೋವು ಹತ್ತಕ್ಕೆ ಎಷ್ಟು, ಜೋಮು ಇಲ್ಲದೆ ಎಷ್ಟು ನಿಮಿಷ ನಡೆದರು. ನಡಿಗೆ ಶುರು ಮಾಡಿ ಆರು ವಾರ ಆದ ಮೇಲೆ ಕಟಿಬಸ್ತಿ ಮಾಡಿಸಿ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯ್ತು ಅಂತ ಯಾವತ್ತೂ ಗೊತ್ತಾಗೋದಿಲ್ಲ.

ಹಳೇಮೇಷ್ಟ್ರು

ಹೋಗಿ ಬಂದೆ. ಕಾರ್ಟಿಸಾಲ್ ತುಂಬಾ ಕಡಿಮೆ ಇದೆ. ಕೈಯಲ್ಲಿ ನೀಲಿ ಕಲೆಗಳೂ ಇದ್ದವು, ನಾನು ಗಮನಿಸಿರಲಿಲ್ಲ. ಡಾಕ್ಟರು ಪುಡಿ ತೆಗೆದುಕೊಂಡು, ಅದರ ಬದಲಿಗೆ ಅಳತೆಯ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದಾರೆ. ತಿಂಗಳುಗಟ್ಟಲೆ ಇಳಿಸುತ್ತಾ ಹೋಗಬೇಕಂತೆ. ನಡುವೆ ಜ್ವರ, ವಾಂತಿ ಬಂದರೆ ಕಾಯದೆ ಬರಬೇಕು ಅಂದರು. ಡೋಸ್ ಇಳಿದ ಹಾಗೆ ಸೊಂಟ ನೋವು ಮತ್ತೆ ಶುರುವಾಗಿದೆ. ಆದರೂ ಹೇಳಿದ್ದಕ್ಕೆ ಉಪಕಾರ ಆಯ್ತು.

ಹೊಂಗೆನೆರಳು

ಮೂರು ತಿಂಗಳಾಯ್ತು. ನೋಟ್‌ಬುಕ್ ನೋಡಿ ಬರೆಯುತ್ತಿದ್ದೇನೆ.

ಕ್ರಿಯಾಟಿನಿನ್ 1.2ಕ್ಕೆ ಇಳಿದಿದೆ. 0.9ಕ್ಕೆ ಬಂದಿಲ್ಲ, ಬರುತ್ತೆ ಅಂತ ಡಾಕ್ಟರು ಮಾತು ಕೊಡುತ್ತಿಲ್ಲ. ಪ್ರಿಗ್ಯಾಬಲಿನ್ ಪೂರ್ತಿ ಬಿಟ್ಟಾಯ್ತು. ಪಾದದ ಊತ ಇಳಿಯಿತು, ತಲೆಸುತ್ತು ಹೋಯಿತು. ಮೂಳೆ ಸ್ವಲ್ಪ ತೆಳುವಾಗಿದೆ, ಕುಸಿದಿಲ್ಲ. ಪಾದದ ನಾಡಿ ಚೆನ್ನಾಗಿದೆ.

ನೋವಿನ ಮಾತ್ರೆ ಬಿಟ್ಟ ಮೊದಲ ಎರಡು ವಾರ ಬಹಳ ಕಷ್ಟ ಆಯ್ತು. ನೋವು 7. ಅಮ್ಮ ಅತ್ತರು, ನಾನೂ ಅತ್ತೆ. ಆರನೇ ವಾರದ ಹೊತ್ತಿಗೆ ನೋವು 6, ನಡಿಗೆ ನಾಲ್ಕರಿಂದ 11 ನಿಮಿಷ. ಆಮೇಲೆ ಬೇರೆ ಕಡೆ, ದಿಂಬು ಇಡಿಸಿ, 14 ದಿನ ಕಟಿಬಸ್ತಿ ಮಾಡಿಸಿದೆವು. ಗುಳಿಗೆ ಇಲ್ಲ. ಜೋಮು ಒಂದು ದಿನವೂ ಬರಲಿಲ್ಲ. ಮುಗಿದಾಗ ನೋವು 3, ನಡಿಗೆ 12. ನಾಲ್ಕು ವಾರ ಬಿಟ್ಟು ನೋವು 5ಕ್ಕೆ ಏರಿತು, ನಡಿಗೆ ಮಾತ್ರ 15ಕ್ಕೆ ಬಂತು.

ಗಣಿತಪ್ರಿಯ

ಇಷ್ಟು ನಿಷ್ಠೆಯಿಂದ ಬರೆದಿಟ್ಟಿದ್ದೀರಿ, ಬಹಳ ಸಂತೋಷ ಆಯ್ತು. ನಡಿಗೆ ಏರಿದ್ದು ಅಭ್ಯಾಸದಿಂದ, ಕಟಿಬಸ್ತಿಯಿಂದ ಅದಕ್ಕೆ ಹೆಚ್ಚೇನೂ ಆಗಿಲ್ಲ ಅಂತ ನನಗೆ ಕಾಣುತ್ತೆ. ನೋವು ಇಳಿದದ್ದು ಕೆಲವು ವಾರಕ್ಕೆ. ಬಿಸಿ ನೀರಿನ ಚೀಲಕ್ಕೂ ಅಷ್ಟೇ ಇಳಿಯುತ್ತಿತ್ತಾ ಅನ್ನೋದು ಒಬ್ಬರ ನೋಟ್‌ಬುಕ್‌ನಿಂದ ಹೇಳೋಕಾಗೋದಿಲ್ಲ.

ನಾಡಿಮಿಡಿತ

71 ವರ್ಷದ ತಾಯಿಗೆ 6ರಿಂದ 3ಕ್ಕೆ ಇಳಿದ ಕೆಲವು ವಾರ ಚೆನ್ನಾಗಿ ನಿದ್ದೆ ಬಂದಿರುತ್ತೆ. ನಾನು ಅದನ್ನು ಸಣ್ಣದು ಅನ್ನೋದಿಲ್ಲ. ಬಿಸಿ ನೀರಿನ ಚೀಲದ ಜೊತೆ ಹೋಲಿಸುವುದನ್ನೂ ಒಪ್ಪೋದಿಲ್ಲ.

ಹೊಂಗೆನೆರಳು

ನಿದ್ದೆ ಬಂತು ವೈದ್ಯರೇ, ಅದು ನಿಜ. ವರ್ಷಕ್ಕೆ ಎರಡು ಸಲ ಮಾಡಿಸೋಣ ಅಂತ ಇದ್ದೇವೆ, ಗುಳಿಗೆ ಇಲ್ಲದೆ.

ಇನ್ನೊಂದು ಕೇಳಬೇಕಿತ್ತು. ಬಲಗಾಲಿನ ಜೋಮು ಎಡಗಾಲಿನಷ್ಟು ಕಡಿಮೆ ಆಗಿಲ್ಲ. ಬೆನ್ನುಮೂಳೆ ಸರ್ಜನ್ ಹತ್ತಿರ ಮುಂದಿನ ವಾರ ಹೋಗುತ್ತಿದ್ದೇವೆ. ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು ಅಂತ ಫೋನಿನಲ್ಲೇ ಹೇಳಿದರು.

ಔಷಧಿಪೆಟ್ಟಿಗೆ

ಶುಗರ್ ಇದೆ ಅಂತ ಮೊದಲೇ ಹೇಳಿ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತೆ, ಮನೆಯಲ್ಲಿ ದಿನಾ ನೋಡಬೇಕು.

ಗಣಿತಪ್ರಿಯ

ಸ್ಟೆನೋಸಿಸ್ ಇರೋ 400 ಜನರ ಮೇಲೆ ಮಾಡಿದ 2014ರ ಪ್ರಯೋಗದಲ್ಲಿ, ಬರೀ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್‌ಗೂ ಅದಕ್ಕೆ ಸ್ಟೀರಾಯ್ಡ್ ಸೇರಿಸಿದ್ದಕ್ಕೂ ಆರು ವಾರಕ್ಕೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅದನ್ನು ಸರ್ಜನ್ ಮುಂದೆ ಇಟ್ಟು ಅಮ್ಮನಿಗೆ ಯಾಕೆ ಬೇಕು ಅಂತ ಕೇಳಿ.

ಬೆನ್ನೆಲುಬು

ಹೋಗೋ ಮುಂಚೆ ಬಲಗಾಲಿನ ಹಿಮ್ಮಡಿ ಮೇಲೆ ಅಮ್ಮ ನಾಲ್ಕು ಹೆಜ್ಜೆ ನಡೆಯಬಲ್ಲರಾ, ಪಾದದ ಮುಂಭಾಗ ಎತ್ತಿ ಹಿಡಿಯಬಲ್ಲರಾ ನೋಡಿ. ಗೋಡೆ ಹಿಡಿಸಿ, ಪಕ್ಕದಲ್ಲೇ ನಿಂತುಕೊಳ್ಳಿ. ಆಗದಿದ್ದರೆ ಮುಂದಿನ ವಾರದವರೆಗೆ ಕಾಯಬೇಡಿ.

ಹೊಂಗೆನೆರಳು

ಈಗಲೇ ನೋಡಿದೆ. ಎಡಗಾಲು ಸರಿ ಇದೆ. ಬಲಗಾಲು ಎತ್ತುತ್ತಾರೆ, ಆದರೆ ಮೂರನೇ ಹೆಜ್ಜೆಗೆ ಪಾದ ಇಳಿದುಬಿಡುತ್ತೆ. ನಾಳೆ ಬೆಳಗ್ಗೆಯೇ ಕರೆದುಕೊಂಡು ಹೋಗುತ್ತೇನೆ.